‘ನವೀಕರಿಸಬಹುದು’ ಅಂದರೆ ಯಾರು ನವೀಕರಿಸಬಹುದು? ಅಂಗಡಿ ಕರಾರನ್ನು ಓದುವ ಕ್ರಮ

‘ಅವಧಿ ಮುಗಿದ ನಂತರ ಈ ಕರಾರನ್ನು ಮುಂದಿನ 3 ವರ್ಷಕ್ಕೆ ನವೀಕರಿಸಬಹುದು.’

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಬ್ಬರು ಬಟ್ಟೆ ಅಂಗಡಿಗೆ ಮಳಿಗೆ ಹಿಡಿದಿದ್ದಾರೆ ಎಂದು ಇಟ್ಟುಕೊಳ್ಳಿ. ಅವಧಿ 3 ವರ್ಷ, ಬಾಡಿಗೆ ತಿಂಗಳಿಗೆ 18,000 ರೂಪಾಯಿ. ಕರಾರಿನಲ್ಲಿ ಮೇಲಿನ ವಾಕ್ಯ ಇದೆ. ಅದನ್ನು ನಂಬಿ ಅಂಗಡಿಕಾರರು ಆರು ವರ್ಷ ಚಿಂತೆಯಿಲ್ಲ ಅಂದುಕೊಂಡು ಕಪಾಟು, ಗಾಜು, ದೀಪಗಳಿಗೆ ಸಾಲ ಮಾಡಿ ದುಡ್ಡು ಹಾಕುತ್ತಾರೆ. ಮಾಲೀಕರು ಅದೇ ವಾಕ್ಯ ಓದಿ, ಮೂರು ವರ್ಷ ಆದ ಮೇಲೆ ಬೇಕಾದರೆ ಮುಂದುವರಿಸೋಣ, ಇಲ್ಲದಿದ್ದರೆ ಇಲ್ಲ ಅಂದುಕೊಳ್ಳುತ್ತಾರೆ. ಇಬ್ಬರಲ್ಲೂ ಮೋಸವಿಲ್ಲ. ಆ ವಾಕ್ಯ ಎರಡೂ ಅರ್ಥಕ್ಕೆ ಜಾಗ ಕೊಡುತ್ತದೆ. ಸಹಿ ಮಾಡುವ ಮೊದಲು ಅರ್ಧ ಗಂಟೆ ಕೊಟ್ಟರೆ ಈ ಜಗಳ ಹುಟ್ಟುವುದೇ ಇಲ್ಲ.

ಕ್ರಿಯಾಪದದ ಕೊನೆಗೆ ಗುರುತು ಹಾಕಿ

ಪೆನ್ಸಿಲ್ ಹಿಡಿದು ಕರಾರಿನ ಪ್ರತಿ ವಾಕ್ಯದ ಕೊನೆ ನೋಡಿ. ‘ತಕ್ಕದ್ದು’, ‘ಬೇಕು’, ‘ಕೂಡದು’ ಇದ್ದರೆ ಅದು ಕಟ್ಟುಪಾಡು. ಇಂಗ್ಲಿಷ್ ಪತ್ರಗಳಲ್ಲಿ ಆ ಜಾಗದಲ್ಲಿ ‘ಶಲ್’ ಇರುತ್ತದೆ. ‘ಬಹುದು’ ಅಥವಾ ‘ಮೇ’ ಇದ್ದರೆ ಅದು ಅವಕಾಶ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಯಾರು ಎಂದು ಪಕ್ಕದಲ್ಲಿ ಬರೆಯಿರಿ

ಕನ್ನಡದಲ್ಲಿ ಕರ್ತೃವನ್ನು ಬಿಟ್ಟೂ ವಾಕ್ಯ ಮುಗಿಸಬಹುದು. ಮಾತಿನಲ್ಲಿ ಅದರಿಂದ ತೊಂದರೆಯಿಲ್ಲ, ಕರಾರಿನಲ್ಲಿ ಇದೆ. ನಮ್ಮ ವಾಕ್ಯಕ್ಕೆ ಕರ್ತೃ ಸೇರಿಸಿ ನೋಡಿ.

‘ಬಾಡಿಗೆದಾರರು ನವೀಕರಿಸಿಕೊಳ್ಳಬಹುದು’ ಎಂದಿದ್ದರೆ ಆಯ್ಕೆ ಬಾಡಿಗೆದಾರರದು. ಕರಾರಿನಲ್ಲಿ ಹೇಳಿದ ರೀತಿಯಲ್ಲಿ ಅವರು ಬೇಕು ಎಂದು ತಿಳಿಸಿದರೆ ಮಾಲೀಕರು ಕೊಡಲೇಬೇಕು. ‘ಮಾಲೀಕರು ತಮ್ಮ ಇಚ್ಛೆಯಂತೆ ನವೀಕರಿಸಬಹುದು’ ಎಂದಿದ್ದರೆ ಬಾಡಿಗೆದಾರರ ಕೈಗೆ ಏನೂ ಬರುವುದಿಲ್ಲ. ‘ಉಭಯತರ ಒಪ್ಪಿಗೆಯಿಂದ ನವೀಕರಿಸಬಹುದು’ ಎಂಬುದು ಇನ್ನೂ ಪೊಳ್ಳು. ಇಬ್ಬರೂ ಒಪ್ಪಿದರೆ ಈ ಕಲಮು ಇಲ್ಲದೆಯೂ ಹೊಸ ಕರಾರು ಮಾಡಿಕೊಳ್ಳಬಹುದಲ್ಲ! ‘ಬಹುದು’ ಯಾವಾಗಲೂ ಸಡಿಲ ಪದ ಎಂಬ ನಂಬಿಕೆ ಅದಕ್ಕೇ ತಪ್ಪು. ಸರಿಯಾದವರ ಹೆಸರಿನ ಮುಂದೆ ನಿಂತ ‘ಬಹುದು’ ಎದುರಿನವರನ್ನು ಕಟ್ಟಿಹಾಕುತ್ತದೆ.

‘ತಕ್ಕದ್ದು’ ಇದೆ ಎಂದು ನಿಲ್ಲಬೇಡಿ, ವಾಕ್ಯದ ಬಾಲ ನೋಡಿ

ವ್ಯಾಜ್ಯ ಬಂದರೆ ಕೋರ್ಟಿನ ಬದಲು ಮಧ್ಯಸ್ಥಿಕೆಗೆ, ಅಂದರೆ ಆರ್ಬಿಟ್ರೇಷನ್‌ಗೆ, ಹೋಗುವ ಕಲಮುಗಳ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪುಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 2025ರಲ್ಲಿ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಕಂಪನಿಯ ಗುತ್ತಿಗೆಯ ಪ್ರಕರಣದಲ್ಲಿ ಮಧ್ಯಸ್ಥಿಕೆಯ ಮೂಲಕ ಪರಿಹಾರ ‘ಪಡೆಯಬಹುದು’ ಎಂಬ ಅರ್ಥದ ‘ಮೇ’ ಇತ್ತು. ಅಷ್ಟರಿಂದ ಇಬ್ಬರಿಗೂ ಕಟ್ಟುಪಾಡು ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಆದರೆ 2007ರ ಜಗದೀಶ್ ಚಂದರ್ ಪ್ರಕರಣದ ಪಾಲುದಾರಿಕೆ ಪತ್ರದಲ್ಲಿ ‘ಶಲ್’ ಪದವೇ ಇತ್ತು. ಅದರ ಬೆನ್ನಿಗೆ, ಪಕ್ಷಕಾರರು ಹಾಗೆ ತೀರ್ಮಾನಿಸಿದರೆ, ಎಂಬ ಮಾತೂ ಇತ್ತು. ಮತ್ತೆ ಒಪ್ಪಿಗೆ ಬೇಕು ಅಂದ ಮೇಲೆ ಅದು ಮಧ್ಯಸ್ಥಿಕೆಯ ಒಪ್ಪಂದವೇ ಅಲ್ಲ ಎಂದು ಕೋರ್ಟ್ ತೀರ್ಮಾನಿಸಿತು.

ಇದೇ ಬಾಲ ನಮ್ಮ ಅಂಗಡಿಯ ಕರಾರಿಗೂ ಅಂಟಬಹುದು: ‘ಆಗ ಉಭಯತರು ಒಪ್ಪುವ ಬಾಡಿಗೆಗೆ ನವೀಕರಿಸತಕ್ಕದ್ದು.’ ಬಾಡಿಗೆ ಎಷ್ಟು ಎಂಬುದೇ ಮುಂದಿನ ಮಾತಿಗೆ ಬಿಟ್ಟಾಗ, ಅರ್ಥ ಖಚಿತವಿಲ್ಲದ, ಖಚಿತ ಮಾಡಿಕೊಳ್ಳಲೂ ಬಾರದ ಒಪ್ಪಂದ ಶೂನ್ಯ ಎನ್ನುವ 1872ರ ಕರಾರು ಕಾಯ್ದೆಯ 29ನೇ ಕಲಮು ಅಡ್ಡ ಬರುತ್ತದೆ. ‘ಖಚಿತ ಮಾಡಿಕೊಳ್ಳಲು ಬರುವುದು’ ಎಂದರೇನು ಎಂಬುದನ್ನು ಆ ಕಾಯ್ದೆಯೇ ಉದಾಹರಣೆಯಿಂದ ತಿಳಿಸುತ್ತದೆ. ನೂರು ಟನ್ ‘ಎಣ್ಣೆ’ ಮಾರುತ್ತೇನೆ ಎಂದರೆ ಯಾವ ಎಣ್ಣೆ ಎಂದು ತಿಳಿಯದು, ಒಪ್ಪಂದ ಶೂನ್ಯ. ಮಾರುವವರು ಕೊಬ್ಬರಿ ಎಣ್ಣೆಯ ವ್ಯಾಪಾರಿ ಮಾತ್ರ ಆಗಿದ್ದರೆ ಅವರ ವ್ಯಾಪಾರವೇ ಅರ್ಥ ತಿಳಿಸುತ್ತದೆ, ಒಪ್ಪಂದ ನಿಲ್ಲುತ್ತದೆ. ಬಾಡಿಗೆಗೂ ಅಂಥ ಒಂದು ಅಳತೆ ಕೊಡಿ. ‘ಹಿಂದಿನ ಬಾಡಿಗೆಯ ಮೇಲೆ ಶೇ 15 ಹೆಚ್ಚು’ ಎಂದು ಬರೆದರೆ 20,700 ರೂಪಾಯಿ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಕೋರ್ಟಿಗೆ ಹೋದರೆ ಹೇಗೆ ಓದುತ್ತಾರೆ?

ಮೊದಲು ಇಡೀ ಪತ್ರವನ್ನು ಒಟ್ಟಿಗೆ ಓದುತ್ತಾರೆ. 3ನೇ ಕಲಮು ಮೂರು ವರ್ಷ ಅನ್ನುತ್ತದೆ, 11ನೇ ಕಲಮು 2 ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು ಅನ್ನುತ್ತದೆ ಎಂದರೆ, ಎರಡಕ್ಕೂ ಅರ್ಥ ಉಳಿಯುವ ಹಾಗೆ ಹೊಂದಿಸಲು ನೋಡುತ್ತಾರೆ. ಯಾವ ರೀತಿಯಲ್ಲೂ ಹೊಂದದಿದ್ದರೆ ಮಾತ್ರ ಮೊದಲು ಬಂದ ಕಲಮಿಗೆ ಬೆಲೆ.

‘ಅದಕ್ಕೇನಾತ್ರಿ, ನಾವು ಎಲ್ಲಿ ಹೋಗ್ತೀವಿ, ಮುಂದುವರಿಸಿ ಕೊಡ್ತೀನಿ’ ಎಂದು ಸಹಿಯ ದಿನ ಹೇಳಿದ ಮಾತು ಪತ್ರದ ಒಕ್ಕಣೆಗೆ ವಿರುದ್ಧವಾಗಿದ್ದರೆ ಸಾಮಾನ್ಯವಾಗಿ ನಡೆಯದು. ಬರಹದಲ್ಲಿ ಇಳಿದ ಕರಾರನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಇದರೊಳಗೆ ಒಂದು ಸೂಕ್ಷ್ಮವಿದೆ. ಪತ್ರದಲ್ಲಿ ‘ನೆಲಮಹಡಿಯ ಅಂಗಡಿ’ ಎಂದಿದೆ, ಹೋಗಿ ನೋಡಿದರೆ ಮಾಲೀಕರಿಗೆ ಅಲ್ಲಿ ಎರಡು ಅಂಗಡಿ ಇವೆ ಎಂದಾದರೆ, ಯಾವುದು ಎಂದು ತೋರಿಸಲು ಹೊರಗಿನ ಸಾಕ್ಷ್ಯ ನಡೆಯುತ್ತದೆ. ಆದರೆ ‘ನವೀಕರಣದ ಬಾಡಿಗೆ ರೂ. ______’ ಎಂದು ಜಾಗ ಖಾಲಿ ಬಿಟ್ಟಿದ್ದರೆ, ಅಲ್ಲಿ ಏನು ತುಂಬಬೇಕಿತ್ತು ಎಂದು ಸಾಕ್ಷಿ ಹೇಳಿಸಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಹಳೆಯ ಕರಾರಿನ ನಮೂನೆ ತೆಗೆದು ಹೆಸರು ಮಾತ್ರ ಬದಲಿಸಿದ ಪತ್ರಗಳಲ್ಲಿ ಖಾಲಿ ಗೆರೆ ಉಳಿಯುವ ಅಪಾಯ ಹೆಚ್ಚು. ದಯವಿಟ್ಟು ಪುಟಪುಟವೂ ನೋಡಿ.

ಅಸ್ಪಷ್ಟ ಮಾತನ್ನು ಅದನ್ನು ಬರೆಸಿದವರ ವಿರುದ್ಧವೇ ಅರ್ಥೈಸಬೇಕು ಎಂಬ ತತ್ವವೂ ಇದೆ. ಅದು ಹೆಚ್ಚಾಗಿ ವಿಮೆಯಂಥ, ಒಂದೇ ಕಡೆಯವರು ಅಚ್ಚು ಹಾಕಿಸಿ ಕೊಡುವ ಪತ್ರಗಳಿಗೆ ಸಲ್ಲುವ ಮಾತು. ಇಬ್ಬರೂ ಕೂತು ಮಾತಾಡಿ ಮಾಡಿದ ವ್ಯಾಪಾರಿ ಕರಾರಿನಲ್ಲಿ ಅದನ್ನು ನೆಚ್ಚಿಕೊಂಡು ಕೂಡಬೇಡಿ.

ಸಹಿಗೆ ಮೊದಲು ಹೀಗೆ ತಿದ್ದಿಸಿ

‘ಬಾಡಿಗೆ ಬಾಕಿ ಇಲ್ಲದಿದ್ದಲ್ಲಿ, ಬಾಡಿಗೆದಾರರು ಅವಧಿ ಮುಗಿಯುವ ಕನಿಷ್ಠ 2 ತಿಂಗಳ ಮೊದಲು ಸ್ಪೀಡ್ ಪೋಸ್ಟ್ ಮೂಲಕ ತಿಳಿಸಿ, ಈ ಕರಾರನ್ನು ಒಂದು ಸಲ ಮಾತ್ರ ಮುಂದಿನ 3 ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹಾಗೆ ತಿಳಿಸಿದಾಗ ಮಾಲೀಕರು ನವೀಕರಣ ಪತ್ರ ಬರೆದುಕೊಡತಕ್ಕದ್ದು. ಬಾಡಿಗೆ ಹಿಂದಿನದಕ್ಕಿಂತ ಶೇ 15 ಹೆಚ್ಚು. ಉಳಿದ ಷರತ್ತುಗಳು ಇದ್ದಂತೆಯೇ.’

ಇಲ್ಲಿ ‘ಬಹುದು’ ಬಾಡಿಗೆದಾರರಿಗೆ, ‘ತಕ್ಕದ್ದು’ ಮಾಲೀಕರಿಗೆ. ‘ಒಂದು ಸಲ ಮಾತ್ರ’ ಎಂಬುದು ಮಾಲೀಕರ ರಕ್ಷಣೆಗೆ. ಅದಿಲ್ಲದಿದ್ದರೆ ನವೀಕರಣದ ನಂತರ ಮತ್ತೆ ನವೀಕರಣ ಕೇಳುವ ತಕರಾರು ಹುಟ್ಟುತ್ತದೆ.

ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಬರೀ ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ ಮೂರು ವರ್ಷದ ಕರಾರಿನಲ್ಲಿ ನವೀಕರಣದ ಕಲಮು ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಆಧಾರದ ಮೇಲೆ ಹಕ್ಕು ಕೇಳಲು ಆಗದು. ಸಬ್ ರಜಿಸ್ಟ್ರಾರ್ ಕಚೇರಿಯ ಖರ್ಚು ಉಳಿಸಲು ಹೋಗಿ ಇಡೀ ಕಲಮನ್ನೇ ಕಳೆದುಕೊಳ್ಳಬೇಡಿ.

ಈಗಾಗಲೇ ಸಹಿ ಆಗಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ತಿದ್ದುಪಡಿ ಪತ್ರ ಮಾಡಿಸಿ ಅದನ್ನೂ ನೋಂದಾಯಿಸಿ. ಇಬ್ಬರ ತಪ್ಪು ತಿಳಿವಳಿಕೆಯಿಂದಲೋ ಮೋಸದಿಂದಲೋ ನಿಜವಾದ ಉದ್ದೇಶ ಪತ್ರದಲ್ಲಿ ಇಳಿದಿಲ್ಲ ಎಂದಾದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಕೋರ್ಟಿನಿಂದ ತಿದ್ದಿಸಿಕೊಳ್ಳಬಹುದು. ಆದರೆ ಅಂಥ ಉದ್ದೇಶ ಇತ್ತು ಎಂದು ಸಾಬೀತು ಮಾಡುವ ಹೊರೆ ಕೇಳುವವರ ಮೇಲೆ.

ಕಲಮು ಸರಿಯಿದ್ದವರೂ ಸೋಲುವುದು ನೋಟಿಸಿನ ದಿನದಲ್ಲಿ. ಕಾಲ್ಟೆಕ್ಸ್ ಕಂಪನಿಯ ಹಳೆಯ ಪ್ರಕರಣವೊಂದರಲ್ಲಿ ಎರಡು ತಿಂಗಳ ಮೊದಲು ನವೀಕರಣ ಕೇಳಬೇಕಿತ್ತು, ಕಂಪನಿ ತಡಮಾಡಿ ಕೇಳಿತು. ನವೀಕರಣದ ಆಯ್ಕೆಯಲ್ಲಿ ಗಡುವು ಗಡುವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಅವಧಿ ಮಾರ್ಚ್ 31ಕ್ಕೆ ಮುಗಿಯುವುದಾದರೆ ಜನವರಿ ಮೊದಲ ವಾರದಲ್ಲೇ ನೋಟಿಸ್ ಕಳಿಸಿ, ಅಂಚೆಯ ರಸೀದಿಯನ್ನು ಕರಾರಿನ ಜೊತೆಗೇ ಇಡಿ.