ಮಾತಾಡದ ಹುಡುಗನ ಕಥೆಯಲ್ಲಿ ಮೌನವನ್ನು ಬರೆಯುವ ಬಗೆ

ತರಬೇತಿ ಪತ್ರಿಕೆಗೆ ಆಪ್ತಸಮಾಲೋಚನೆಯ ಮೊದಲ ಭೇಟಿಯ ಕಥೆ ಬರೆಯುವವರು "ಅವನು ಸುಮ್ಮನಿದ್ದ" ಎಂಬ ವಾಕ್ಯವನ್ನು ಹೊಡೆದುಹಾಕಿ. ಆ ಜಾಗದಲ್ಲಿ ಅವನ ಕೈ, ಕಣ್ಣು ಏನು ಮಾಡುತ್ತಿದ್ದವು, ಸಮಾಲೋಚಕಿ ಏನಂದರು, ಎಷ್ಟು ಹೊತ್ತು ಕಾದರು ಎಂದು ಬರೆಯಿರಿ. ಹುಡುಗನ ದುಃಖದ ಕಾರಣಕ್ಕಿಂತ, ಅಂಥ ಹೊತ್ತಿನಲ್ಲಿ ಮುಂದಿನ ಮಾತು ಏನಿರಬೇಕು ಎಂಬುದನ್ನೇ ಕಲಿಯುವವರು ಹುಡುಕುತ್ತಿರುತ್ತಾರೆ. ಉದಾಹರಣೆಗೆ, ಅಮ್ಮ ಕರೆತಂದ ಎಸ್ಸೆಸ್ಸೆಲ್ಸಿ ಹುಡುಗ ಬ್ಯಾಗಿನ ಜಿಪ್ ಎಳೆಯುತ್ತಾ ಕೂತಿದ್ದಾನೆ. "ಯಾಕೆ ಮಾತಾಡ್ತಿಲ್ಲ?" ಎಂದರೆ ಮನೆಯಲ್ಲಿ, ಶಾಲೆಯಲ್ಲಿ ಆದ ವಿಚಾರಣೆಯೇ ಮುಂದುವರಿದಂತೆ. ಬದಲಿಗೆ ಸಮಾಲೋಚಕಿ, "ಇಲ್ಲಿಗೆ ಬರೋಕೆ ನಿಂಗೆ ಇಷ್ಟ ಇರ್ಲಿಲ್ಲ ಅನ್ಸುತ್ತೆ. ನಾನಂದಿದ್ದು ತಪ್ಪಾದ್ರೆ ತಲೆ ಆಡ್ಸು, ಸಾಕು" ಎನ್ನುತ್ತಾರೆ. ಜಿಪ್ ನಿಲ್ಲುತ್ತದೆ. ಅರ್ಧ ನಿಮಿಷ ಕಾದು, 0ಯಿಂದ 10ರವರೆಗೆ ಗೆರೆ ಎಳೆದ ಹಾಳೆಯನ್ನೂ ಪೆನ್ನನ್ನೂ ಮುಂದಿಡುತ್ತಾರೆ: "ಇಲ್ಲಿ ಕೂರೋದು ಎಷ್ಟು ಕಷ್ಟ ಆಗ್ತಿದೆ, ಗುರುತು ಹಾಕ್ತೀಯಾ?" ಅವನು 8ರ ಮೇಲೆ ಚುಕ್ಕೆ ಇಡುತ್ತಾನೆ. ಮೊದಲ ಭೇಟಿಗೆ ಇಷ್ಟೇ ಸಾಕು, ಕಥೆಯೂ ಅಲ್ಲಿಗೇ ನಿಲ್ಲಲಿ. ಕೊನೆಗೆ ಅತ್ತು ಎಲ್ಲವನ್ನೂ ಹೇಳಿಬಿಡುವ ಹುಡುಗ ಹೊಸ ಸಮಾಲೋಚಕರಲ್ಲಿ ಸುಳ್ಳು ನಿರೀಕ್ಷೆ ಹುಟ್ಟಿಸುತ್ತಾನೆ. ಆದರೆ ಕೈಮೇಲೆ ಕೊಯ್ದ ಗಾಯವೋ ಸಾಯುವ ಮಾತೋ ಕಥೆಯಲ್ಲಿ ಬಂದರೆ ಬರೀ ಕಾಯುವುದನ್ನು ತೋರಿಸುವುದು ಅಪಾಯ. ಆಗ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಆಕೆ ನೇರವಾಗಿ ಕೇಳಿದ್ದು, ಜೀವಕ್ಕೆ ಅಪಾಯವಿದ್ದರೆ ಗುಟ್ಟು ಉಳಿಸಲಾಗದು ಎಂದು ಆರಂಭದಲ್ಲೇ ಹೇಳಿದ್ದು, ಎರಡೂ ಪುಟದ ಮೇಲೆ ಇರಲೇಬೇಕು.