ಹಬೆ ನೀರಾಗುವ ಲೆಕ್ಕ: ಬೀದರಿನಲ್ಲಿ ನನ್ನ ಅನುಭವ

ಬೀದರಿನ ಒಂದು ಕಾರ್ಖಾನೆಗೆ ನಾನು ಹಬೆಯನ್ನು ತಣಿಸಿ ನೀರಾಗಿಸುವ, ನಿಂತ ಟ್ಯೂಬುಗಳ ಕಂಡೆನ್ಸರ್ ಲೆಕ್ಕ ಹಾಕಿಕೊಟ್ಟಿದ್ದೆ. ಸಾಲಿಗೆ 9ರಂತೆ 9 ಸಾಲು, ಒಟ್ಟು 81 ಟ್ಯೂಬು. ಒಂದೊಂದರ ಹೊರವ್ಯಾಸ 25 ಮಿ.ಮೀ., ಉದ್ದ 2 ಮೀಟರ್. ಒಳಗೆ ತಣ್ಣೀರು, ಹೊರಗೆ 100 ಡಿಗ್ರಿ ಹಬೆ. ಬೀದರ್ ಎತ್ತರದ ಊರು, ನೀರು 100ಕ್ಕಿಂತ ಮೊದಲೇ ಕುದಿಯುತ್ತದೆ. ಹಾಗಾಗಿ 100 ಡಿಗ್ರಿ ಬೇಕೆಂದರೆ ಟ್ಯೂಬುಗಳ ಸುತ್ತಲಿನ ಷೆಲ್ಲಿನ ಒತ್ತಡದ ಗೇಜ್ ಸೊನ್ನೆಗಿಂತ ಚೂರು ಮೇಲಿರಬೇಕು.

ಟ್ಯೂಬಿನ ಹೊರಮೈ ಸುಮಾರು 80 ಡಿಗ್ರಿ ಎಂದು ನೀರಿನ ಬದಿಯ ಲೆಕ್ಕದಿಂದ ಸಿಕ್ಕಿತ್ತು. ಟ್ಯೂಬು ನಿಂತಿರುವುದರಿಂದ ಒಂದರ ನೀರು ಇನ್ನೊಂದರ ಮೇಲೆ ಬೀಳುವುದಿಲ್ಲ. ಒಂದು ಟ್ಯೂಬಿನ ಲೆಕ್ಕ ಮಾಡಿ 81ರಿಂದ ಗುಣಿಸಿದರೆ ಸಾಕು. ನೀರಿನ ಪದರ ಬುಡದಲ್ಲೂ 0.2 ಮಿ.ಮೀ. ಅಷ್ಟೇ, ಅದಕ್ಕೆ ಟ್ಯೂಬನ್ನು ಚಪ್ಪಟೆ ಗೋಡೆ ಎಂದೇ ಹಿಡಿಯಬಹುದು.

ನಾನು ನುಸೆಲ್ಟ್ 1916ರಲ್ಲಿ ಕೊಟ್ಟ ಸೂತ್ರ ಬಳಸಿದೆ. ಶಾಖ ಎಷ್ಟು ಬೇಗ ದಾಟುತ್ತದೆ ಎಂದು ಹೇಳುವ h ಸುಮಾರು 4,490 ಬಂತು (ಚ.ಮೀ.ಗೆ, ಡಿಗ್ರಿಗೆ ವ್ಯಾಟ್). ಹಬೆಯಿಂದಾಗುವ ನೀರು ಗಂಟೆಗೆ 1,780 ಕೆ.ಜಿ. ಅದನ್ನು ನಂಬಿ, ಆ ನೀರನ್ನು ಹೊರಹಾಕಲು ಗಂಟೆಗೆ 2 ಟನ್ನಿನ ಪಂಪು ಬರೆದುಕೊಟ್ಟೆ.

ಚಾಲೂ ಮಾಡಿದ ದಿನವೇ ಆಪರೇಟರ್ ಕರೆದರು: "ಸಾಹೇಬ್ರ, ತಳದಾಗ ನೀರ್ ನಿಂತದ್ರೀ." ಗೇಜ್ ಗ್ಲಾಸಿನಲ್ಲಿ ನೀರು ಒಂದು ಗೇಣಿಗಿಂತ ಜಾಸ್ತಿ ಏರಿತ್ತು. ಟ್ಯೂಬುಗಳ ಬುಡ ಮುಳುಗಿತ್ತು, ಷೆಲ್ಲಿನ ಒತ್ತಡವೂ ಏರುತ್ತಿತ್ತು. ಗಾಳಿ ಸಿಕ್ಕಿಕೊಂಡಿದೆಯಾ ಎಂದು ವೆಂಟ್ ತೆರೆದೆ. ಬಂದದ್ದು ಬರೀ ಬಿಸಿ ಹಬೆ. ಗಾಳಿ ಇದ್ದಿದ್ದರೆ ಅಲ್ಲಿ ತಣ್ಣಗಿರುತ್ತಿತ್ತು, ಅಲ್ವಾ?

ಕೆಳಗಿನ ವಾಲ್ವಿನಿಂದ ನೀರನ್ನು ತೂಕದ ಮೇಲಿಟ್ಟ ಡ್ರಮ್ಮಿಗೆ ಬಿಟ್ಟೆವು. ಗ್ಲಾಸಿನ ಮಟ್ಟ ಕದಲದಂತೆ ನೋಡಿಕೊಂಡೆವು. 4 ನಿಮಿಷಕ್ಕೆ 150 ಕೆ.ಜಿ. ಅಂದರೆ ಗಂಟೆಗೆ 2,250.

ತಪ್ಪು ನನ್ನದೇ. ಉತ್ತರ ಬಂದ ಮೇಲೆ, ಪದರ ನಯವಾಗಿ ಇಳಿಯುತ್ತದೆಯೋ ಕಲಕುತ್ತದೆಯೋ ಎಂದು ತಿಳಿಸುವ ರೆನಾಲ್ಡ್ಸ್ ಸಂಖ್ಯೆ Re ನೋಡಿರಲಿಲ್ಲ. ಅದು 986 ಇತ್ತು. 30 ದಾಟಿದರೆ ಪದರದ ಮೇಲೆ ಸಣ್ಣ ಅಲೆಗಳು ಏಳುತ್ತವೆ. ಅಲೆಗಳ ನಡುವೆ ಪದರ ತೆಳುವಾಗುತ್ತದೆ, ನೀರೂ ಕಲಕುತ್ತದೆ, ಶಾಖ ಬೇಗ ದಾಟುತ್ತದೆ. ನುಸೆಲ್ಟ್ ಸೂತ್ರ ಇದನ್ನು ಎಣಿಸುವುದಿಲ್ಲ. 30ರಿಂದ 1,800ರವರೆಗೆ ಈ ಸೂತ್ರ ಬೇಕು. L ಟ್ಯೂಬಿನ ಉದ್ದ, D ಹೊರವ್ಯಾಸ, ΔT ಹಬೆಗೂ ಟ್ಯೂಬಿನ ಮೈಗೂ ಇರುವ ಡಿಗ್ರಿ ವ್ಯತ್ಯಾಸ, g ಗುರುತ್ವ, hfg ಹಬೆ ನೀರಾಗುವಾಗ ಬಿಡುವ ಶಾಖ, cp ನೀರಿನ ವಿಶಿಷ್ಟ ಶಾಖ, m ಒಂದು ಟ್ಯೂಬಿನಲ್ಲಿ ಸೆಕೆಂಡಿಗೆ ಆಗುವ ನೀರು:

```
Re = [4.81 + 3.70·L·k·ΔT/(μ·hfg*) · (g/ν²)^(1/3)]^0.82
m  = Re·π·D·μ/4
hfg* = hfg + 0.68·cp·ΔT
```

ನೀರಿನ ಗುಣಗಳನ್ನು 100 ಮತ್ತು 80ರ ನಡುವಿನ 90 ಡಿಗ್ರಿಗೆ ತೆಗೆದುಕೊಂಡೆ: ಶಾಖವಾಹಕತೆ k 0.675, ಸ್ನಿಗ್ಧತೆ μ 0.000315, ಅದನ್ನು ಸಾಂದ್ರತೆಯಿಂದ ಭಾಗಿಸಿದ ν 0.000000326. hfg* ಕೆ.ಜಿ.ಗೆ 2,314 ಕಿಲೋಜೂಲ್. Re 1,287 ಬಂತು, ಮಿತಿಯೊಳಗೇ ಇದೆ. ಒಂದು ಟ್ಯೂಬಿಗೆ ಸೆಕೆಂಡಿಗೆ 0.00796 ಕೆ.ಜಿ. 81ಕ್ಕೆ ಗಂಟೆಗೆ ಸುಮಾರು 2,320 ಕೆ.ಜಿ. ಡ್ರಮ್ಮಿನ ತೂಕಕ್ಕೆ ಎಷ್ಟು ಹತ್ತಿರ ನೋಡಿ!

ಆದರೆ 80 ಡಿಗ್ರಿ ಸ್ಥಿರ ಅಲ್ಲ. ಬೇಸಿಗೆಯಲ್ಲಿ ತಣ್ಣೀರು ಬಿಸಿಯಾಗಿ ಬರುತ್ತದೆ, ಟ್ಯೂಬಿನ ಮೈಯೂ ಬಿಸಿಯೇರುತ್ತದೆ, ನೀರು ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಜಾಸ್ತಿ. ಅದಕ್ಕೆ ಪಂಪಿನ ಗಾತ್ರವನ್ನು ಚಳಿಗಾಲದ ಲೆಕ್ಕಕ್ಕೆ ಇಟ್ಟು 3 ಟನ್ನಿನದು ಹಾಕಿಸಿದೆ. ಆಮೇಲೆ ಗ್ಲಾಸಿನಲ್ಲಿ ನೀರು ಟ್ಯೂಬಿನ ಬುಡ ಮುಟ್ಟಲಿಲ್ಲ.