ಓಟದವರಿಗೂ ಸುತ್ತಾಟದವರಿಗೂ ಒಂದೇ ಹೊಳೆ: ನನ್ನ ಅನುಭವ

ಪೈಪೋಟಿಯವರಿಗೂ ಹುಡುಕಾಟದವರಿಗೂ ಒಂದೇ ಗೇಮ್ ಹೊಂದುವುದಿಲ್ಲ, ಎರಡು ಬೇರೆ ಬೇರೆ ಮಾಡಿ ಎಂದು ಮಂಗಳೂರು, ಮಣಿಪಾಲದ ಕಡೆ ಗೇಮ್ ಮಾಡುವವರೆಲ್ಲ ಹೇಳಿದ್ದರು. ನನ್ನ ದೋಣಿ ಓಟದ ಗೇಮ್ ಈಗ ಹತ್ತು ತಿಂಗಳಿಂದ ಎರಡೂ ಬಗೆಯವರನ್ನು ಹಿಡಿದಿಟ್ಟುಕೊಂಡಿದೆ. ಹೇಗೆ ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಆಟಗಾರರಲ್ಲಿ ಗೆಲ್ಲಲು, ಹುಡುಕಲು, ಮಾತಾಡಲು, ಇತರರನ್ನು ಕಾಡಲು ಬರುವವರು ಎಂದು ನಾಲ್ಕು ಬಗೆ ಇದ್ದಾರೆ ಎಂದು ಗೇಮ್ ವಿನ್ಯಾಸಕ ರಿಚರ್ಡ್ ಬಾರ್ಟಲ್ 1996ರಲ್ಲಿ ಬರೆದಿದ್ದರು. ಅದನ್ನು ಪ್ರಶ್ನಾವಳಿ ಮಾಡಿ ಆಟಗಾರರ ಮುಂದಿಟ್ಟರೆ ಮಾತ್ರ ಏನೂ ಸಿಗುವುದಿಲ್ಲ. ಹೆಚ್ಚಿನವರು ‘ಗೆಲ್ಲುವುದೂ ಇಷ್ಟ, ಹುಡುಕುವುದೂ ಇಷ್ಟ’ ಎಂದೇ ಗುರುತು ಹಾಕಿದರು. ಒಬ್ಬನಲ್ಲೇ ಎರಡೂ ಇರಬಹುದು ಎಂದು ಗೇಮ್ ಸಂಶೋಧಕ ನಿಕ್ ಯೀ ಈಗಾಗಲೇ ತೋರಿಸಿದ್ದಾರೆ. ಹಾಗಾಗಿ ಕೇಳುವುದನ್ನು ಬಿಟ್ಟು ಮೊದಲ ಹತ್ತು ನಿಮಿಷದ ಲಾಗ್‌ನಲ್ಲಿ ಎರಡನ್ನೇ ಎಣಿಸಿದೆ: ರೀಸ್ಟಾರ್ಟ್ ಎಷ್ಟು ಸಲ ಒತ್ತಿದರು, ಓಟದ ದಾರಿ ಬಿಟ್ಟು ಎಷ್ಟು ಹೊತ್ತು ಇದ್ದರು. ಒಂದು ತಿರುವು ಕೆಟ್ಟ ಕೂಡಲೇ ರೀಸ್ಟಾರ್ಟ್ ಒತ್ತುವವನು ಓಟದವನು. ದಾಟಬೇಕಾದ ಗೇಟ್ ಎದುರಿಗಿದ್ದರೂ ಕುದ್ರುವಿನ, ಅಂದರೆ ಹೊಳೆ ನಡುವಿನ ನಡುಗಡ್ಡೆಯ, ಹಿಂದೆ ಏನಿದೆ ಎಂದು ದೋಣಿ ತಿರುಗಿಸುವವನು ಸುತ್ತಾಟದವನು. ಇಷ್ಟು ಸಾಕಾಗುತ್ತದೆ.

ಮೊದಲ ಆವೃತ್ತಿ ಸೋತದ್ದು ಎಲ್ಲರೂ ಮಾಡುವ ತಪ್ಪಿನಿಂದ. ಉಡುಪಿ ಬಳಿಯ ಕೋಡಿಬೆಂಗ್ರೆಯ ಅಳಿವೆಯ ಮಾದರಿಯಲ್ಲಿ ಹೊಳೆ, ಐದು ಕುದ್ರು, ಅಲ್ಲಲ್ಲಿ ಅಡಗಿಸಿಟ್ಟ ಮೂವತ್ತು ಪೆಟ್ಟಿಗೆ. ಪೆಟ್ಟಿಗೆ ಸಿಕ್ಕಿದರೆ ಎಂಜಿನ್‌ಗೆ ಒಂದು ಶೇಕಡಾ ವೇಗ. ಹುಡುಕಿದವನಿಗೂ ಲಾಭ, ಓಡುವವನಿಗೂ ಲಾಭ ಎಂದು ಲೆಕ್ಕ ಹಾಕಿದ್ದೆ. ವಾರದೊಳಗೆ ಮೂವತ್ತರ ಪಟ್ಟಿ ಹೊರಗೆ ಬಂತು. ಓಟದವರು ಪಟ್ಟಿ ನೋಡಿಕೊಂಡು ಎರಡು ಗಂಟೆ ಬೇಸರದಿಂದ ಪೆಟ್ಟಿಗೆ ಕೂಡಿಸಿದರು, ಸುತ್ತಾಟದವರಿಗೆ ಹುಡುಕಲು ಏನೂ ಉಳಿಯಲಿಲ್ಲ. ದೋಣಿಗಳು ಹೋದ ಜಾಡನ್ನು ನಕ್ಷೆಯ ಮೇಲೆ ಎಳೆದು ನೋಡಿದರೆ ಈ ರೋಗ ಗೊತ್ತಾಗುತ್ತದೆ. ಎಲ್ಲರ ಗೆರೆಯೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಂದೇ ಕ್ರಮದಲ್ಲಿ ನೇರ ಇದ್ದರೆ ಅಲ್ಲಿ ಯಾರೂ ಹುಡುಕುತ್ತಿಲ್ಲ ಎಂದರ್ಥ.

ಎರಡನೆಯದರಲ್ಲಿ ಮೆನುವಿನಲ್ಲೇ ‘ಓಟ’, ‘ಸುತ್ತಾಟ’ ಎಂದು ಬೇರೆ ಮಾಡಿದೆ. ಮೂರು ತಿಂಗಳು, ಚಿತ್ರ ಬರೆಸಿದ್ದೂ ಸೇರಿ ಅರುವತ್ತು ಸಾವಿರದ ಹತ್ತಿರ ಹೋಯಿತು. ಸುತ್ತಾಟದ ವಿಭಾಗ ಒಂದು ತಿಂಗಳೊಳಗೆ ಖಾಲಿ. ಅಲ್ಲಿ ಕಂಡುಹಿಡಿದದ್ದು ಬೇರೆ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ, ಅದೇ ಕಾರಣ.

ದಾರಿ ಹೊಳೆದದ್ದು ಕಂಬಳದಿಂದ. ಹಗ್ಗ, ನೇಗಿಲು ವಿಭಾಗದಲ್ಲಿ ನೋಡುವುದು ವೇಗ. ಕನೆಹಲಗೆಯಲ್ಲಿ ನೋಡುವುದು ಕೋಣಗಳು ಓಡುವಾಗ ನೀರು ಆರೂವರೆ ಕೋಲು ಎತ್ತರಕ್ಕೋ ಏಳೂವರೆ ಕೋಲು ಎತ್ತರಕ್ಕೋ ಚಿಮ್ಮಿ ಮೇಲೆ ಕಟ್ಟಿದ ನಿಶಾನೆ ಮುಟ್ಟಿತೇ ಎಂದು. ಗದ್ದೆ ಒಂದೇ, ಅಳತೆಗೋಲು ಬೇರೆ. ಹಾಗೆಯೇ ಮೂರನೆಯ ಆವೃತ್ತಿಯಲ್ಲಿ ಹೊಳೆ ಒಂದೇ ಇಟ್ಟೆ, ಎಂಜಿನ್ ಎಲ್ಲರಿಗೂ ಸಮ ಮಾಡಿದೆ. ಹುಡುಕಿದವನಿಗೆ ಸಿಗುವುದು ಬಲ ಅಲ್ಲ, ತಿಳಿವಳಿಕೆ. ಆ ತಿಳಿವಳಿಕೆ ನೀರಿನ ಭರತ ಇಳಿತದಲ್ಲಿ ಅಡಗಿದೆ.

ಓಟಕ್ಕೆ ನಾಲ್ಕೇ ಗೇಟ್, ಅವುಗಳ ನಡುವಿನ ದಾರಿ ಅವರವರ ಇಷ್ಟ. ಕುದ್ರುಗಳ ನಡುವೆ ಇಪ್ಪತ್ತೆರಡು ತೋಡುಗಳು, ಅಂದರೆ ಕಿರಿದಾದ ನೀರಿನ ದಾರಿಗಳಿವೆ, ನೀರು ಸಾಕಷ್ಟು ಏರಿದಾಗ ಮಾತ್ರ ದೋಣಿ ಒಳಗೆ ಹೋಗುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ 745 ನಿಮಿಷ. ಗೇಮ್‌ನಲ್ಲಿ ನಿಮಿಷಕ್ಕೆ ಒಂದು ಸೆಕೆಂಡ್ ಹಿಡಿದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತ ಒಂದೇ ಎತ್ತರಕ್ಕೆ ಬರುವುದಿಲ್ಲ, ಅದನ್ನು ಬಿಟ್ಟು ಒಂದೇ ಅಲೆಯಾಗಿ ಸರಳಗೊಳಿಸಿದ್ದೇನೆ.

```gdscript
var phase = fmod(t + week_offset, 745.0) / 745.0
var tide = 0.75 * sin(TAU * phase)
var is_open = tide - bed_height > 0.4
```

0.4 ಎಂಬುದು ದೋಣಿ ತೇಲಲು ಬೇಕಾದ ಆಳ, ಮೀಟರ್ ಲೆಕ್ಕದಲ್ಲಿ. ತೋಡಿನ ತಳ ‑0.1 ಇದ್ದರೆ ನೀರು 0.3 ದಾಟಬೇಕು. ಆಗ 745 ಸೆಕೆಂಡಿನಲ್ಲಿ ಸುಮಾರು 275 ಸೆಕೆಂಡ್ ತೋಡು ತೆರೆದಿರುತ್ತದೆ, ಸುಲಭದ ತೋಡು. ತಳ 0.2ಕ್ಕೆ ಏರಿಸಿದರೆ ಸುಮಾರು 150 ಸೆಕೆಂಡ್ ಮಾತ್ರ. 0.35 ದಾಟಿದರೆ ಅದು ಯಾವತ್ತೂ ತೆರೆಯುವುದಿಲ್ಲ, ಏಕೆಂದರೆ ನೀರು 0.75ಕ್ಕಿಂತ ಮೇಲೆ ಏರುವುದೇ ಇಲ್ಲ. ಒಂದು ತೋಡಿಗೆ 0.4 ಹಾಕಿ ಮರೆತಿದ್ದೆ. ಸುತ್ತಾಟದವರು ಅದರ ಬಾಯಲ್ಲಿ ಗಂಟೆಗಟ್ಟಲೆ ಕಾದರು. ತಳದ ಪಟ್ಟಿಯನ್ನು ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ತಪಾಸಣೆ ಮಾಡಿಸಿಯೇ ಬಿಡುಗಡೆ ಮಾಡಿ.

ಹೆಚ್ಚು ತಲೆಕೆಡಿಸಿದ್ದು ತೋಡಿನ ಒಳದಾರಿಯಿಂದ ಎಷ್ಟು ಸಮಯ ಉಳಿಯಬೇಕು ಎಂಬುದು. ಎರಡೂವರೆ ನಿಮಿಷದ ಓಟದಲ್ಲಿ ಮೊದಲು ಇಪ್ಪತ್ತು ಸೆಕೆಂಡ್ ಉಳಿಯುತ್ತಿತ್ತು. ತೋಡು ಗೊತ್ತಿಲ್ಲದವನು ಎಷ್ಟು ಚೆನ್ನಾಗಿ ತಿರುಗಿಸಿದರೂ ಸೋಲುತ್ತಿದ್ದ, ದೂರು ಬಂದದ್ದು ಸರಿಯೇ. ಓಟದಲ್ಲಿ ಮುಂದಿರುವ ನೂರು ಜನರಲ್ಲಿ ಪ್ರತಿಯೊಬ್ಬರ ಕೊನೆಯ ಹತ್ತು ಓಟ ತೆಗೆದು, ಅವರದ್ದೇ ಒಳ್ಳೆಯ ಓಟಕ್ಕೂ ಕೆಟ್ಟ ಓಟಕ್ಕೂ ಎಷ್ಟು ಅಂತರ ಎಂದು ನೋಡಿದೆ. ನೆನಪಿನಂತೆ ನಾಲ್ಕು ಸೆಕೆಂಡ್ ಆಸುಪಾಸು. ಒಳದಾರಿಯ ಲಾಭ ಇದನ್ನು ಮೀರಬಾರದು ಎಂದು ಗಟ್ಟಿ ಮಾಡಿಕೊಂಡೆ. ಈಗ ಯಾವ ತೋಡೂ ಮೂರೂವರೆಗಿಂತ ಹೆಚ್ಚು ಕೊಡುವುದಿಲ್ಲ, ಹೊತ್ತು ತಪ್ಪಿ ನುಗ್ಗಿದರೆ ಕೆಸರಿನಲ್ಲಿ ಎಂಟು ಸೆಕೆಂಡ್ ಹೋಗುತ್ತದೆ. ಗೊತ್ತಿದ್ದವನಿಗೆ ಅನುಕೂಲ ಇದೆ, ಆದರೆ ಕೈ ಚಳಕವನ್ನು ಅದು ನುಂಗುವುದಿಲ್ಲ.

ತೋಡನ್ನು ಮೊದಲು ದಾಟಿದವನ ಹೆಸರು ಜಲನಕ್ಷೆಯಲ್ಲಿ ನಿಲ್ಲುತ್ತದೆ, ಎಷ್ಟು ಜನ ಓಟದಲ್ಲಿ ಅದನ್ನು ಬಳಸಿದರು ಎಂಬ ಎಣಿಕೆಯೂ ಪಕ್ಕದಲ್ಲಿರುತ್ತದೆ. ಸುತ್ತಾಟದವರ ಅಳತೆಗೋಲು ಆ ಎಣಿಕೆಯೇ. ಇಲ್ಲಿಯೂ ಒಂದು ಎಡವಟ್ಟಾಯಿತು. ಗೆದ್ದವನು ಹೋದ ದಾರಿಯಲ್ಲೇ ಮತ್ತೆ ಓಡುವ ನೆರಳುದೋಣಿಯನ್ನು ತಕ್ಷಣ ತೋರಿಸಿದ್ದರಿಂದ ಎರಡೇ ದಿನದಲ್ಲಿ ಇಪ್ಪತ್ತೆರಡೂ ಬಯಲಾದವು. ಈಗ ಮೊದಲ ವಾರ ಗೇಟ್‌ಗೆ ತಲುಪಿದ ಸಮಯ ಮಾತ್ರ ಕಾಣುತ್ತದೆ, ಜಾಡು ಕಾಣುವುದು ಆಮೇಲೆ. ಎರಡನೆಯ ಮತ್ತು ಮೂರನೆಯ ಗೇಟ್ ನಡುವೆ ಒಬ್ಬ ಮೂರು ಸೆಕೆಂಡ್ ಉಳಿಸಿದ ಎಂದರೆ ಅಲ್ಲಿ ಏನೋ ಇದೆ ಎಂದು ಓಟದವರೂ ಹುಡುಕತೊಡಗುತ್ತಾರೆ.

ಪಕ್ಕದ ಪ್ರಯೋಗವೊಂದು ಅಂದಾಜಿಗಿಂತ ಚೆನ್ನಾಗಿ ಫಲ ಕೊಟ್ಟಿತು. ತೋಡಿಗೆ ಬಾಣದ ಗುರುತು ಇಡುವ ಬದಲು ಬಾಯಲ್ಲಿ ಒಂದು ಕೊಕ್ಕರೆ ನಿಲ್ಲಿಸಿದೆ. ಅದು ನಿಂತಿದ್ದರೆ ನೀರು ಕಡಿಮೆ, ಹಾರಿಹೋಗಿದ್ದರೆ ದೋಣಿ ದಾಟೀತು. ಚಿತ್ರಕ್ಕೆ ಎರಡು ಸಾವಿರದೊಳಗೆ ಖರ್ಚು. ಯಾರಿಗೂ ಹೇಳಿಕೊಡಲಿಲ್ಲ, ಹದಿನೈದು ದಿನದಲ್ಲಿ ಆಟಗಾರರೇ ಅರ್ಥ ಮಾಡಿಕೊಂಡರು. ಮಿಂಚುಳ್ಳಿಯನ್ನೂ ಸೇರಿಸಿ ನೋಡಿದೆ, ಸಣ್ಣ ಫೋನಿನಲ್ಲಿ ಕಾಣುವುದಿಲ್ಲ, ತೆಗೆದೆ.

ಪ್ರತಿ ವಾರ `week_offset` ಬದಲಾಗುತ್ತದೆ, ಆದ್ದರಿಂದ ಕಳೆದ ವಾರದ ಒಳ್ಳೆಯ ದಾರಿ ಈ ವಾರ ಕೆಸರಾಗಿರಬಹುದು. ಮೂರು ತಿಂಗಳಿಗೊಮ್ಮೆ ತಳದ ಎತ್ತರವನ್ನೂ ಕದಲಿಸುತ್ತೇನೆ. ಮಳೆಗಾಲದಲ್ಲಿ ಅಳಿವೆಯ ಮರಳು ದಿಬ್ಬ ಜಾಗ ಬದಲಿಸುವುದಿಲ್ಲವೇ, ಹಾಗೆ. ಹೊಸ ಚಿತ್ರ ಬೇಡ, ಇಪ್ಪತ್ತೆರಡು ಸಂಖ್ಯೆ ಬದಲಾಯಿಸಿದರೆ ಸಾಕು, ಹುಡುಕಾಟ ಮತ್ತೆ ಶುರು. ಆ ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಆರಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಓದುವ ಆಟಗಾರರಿಗೆ ಹುಡುಕುವ ಕೆಲಸವೇ ಇಲ್ಲವಾಗುತ್ತದೆ.

ಹಣದ ವಿಷಯ. ಸರ್ವರ್‌ಗೆ ತಿಂಗಳಿಗೆ ಸಾವಿರದ ಐನೂರು. ಓಟದ ನಡುವೆ ಜಾಹೀರಾತು ಹಾಕಿಲ್ಲ. ಮಾರುವುದು ದೋಣಿಯ ಬಣ್ಣ ಮತ್ತು ಜಲನಕ್ಷೆಯಲ್ಲಿ ಹೆಸರು ಬರೆಯುವ ಅಕ್ಷರ ಶೈಲಿ. ಬಣ್ಣವನ್ನು ಓಟದವರು ಕೊಳ್ಳುತ್ತಾರೆ, ಅಕ್ಷರವನ್ನು ಸುತ್ತಾಟದವರು. ಪ್ಲೇ ಸ್ಟೋರ್‌ನ ಹದಿನೈದು ಶೇಕಡಾ ಕಳೆದು ಒಳ್ಳೆಯ ತಿಂಗಳಲ್ಲಿ ಹದಿನೆಂಟು ಸಾವಿರ ಕೈಗೆ ಬಂದಿದೆ. ಎರಡನೆಯ ಆವೃತ್ತಿಯ ನಷ್ಟ ತುಂಬಿದ್ದು ಏಳನೆಯ ತಿಂಗಳಲ್ಲಿ. ಬಾಕಿ ಉಳಿದದ್ದು ಗುಂಪಾಗಿ ಮಾತಾಡಲೆಂದೇ ಬರುವವರು. ಅವರಿಗೆ ಈ ಹೊಳೆಯಲ್ಲಿ ಇನ್ನೂ ಜಾಗ ಇಲ್ಲ, ಇಬ್ಬರು ಹುಟ್ಟು ಹಾಕುವ ದೋಣಿಯೊಂದನ್ನು ಈಗ ಪರೀಕ್ಷಿಸುತ್ತಿದ್ದೇನೆ.